ಚೌಕಾಸಿಯ ದೃಶ್ಯ: ಅಂಕಿಯಿಂದ ನಡೆಸುವುದೇ, ಗುಟ್ಟಿನಿಂದ ನಡೆಸುವುದೇ?

ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಚೌಕಾಸಿಯನ್ನು ಎರಡು ರೀತಿಯಲ್ಲಿ ಬರೆಯಬಹುದು. ಮೊದಲನೆಯದರಲ್ಲಿ ಬೆಲೆಯೇ ದೃಶ್ಯವನ್ನು ನಡೆಸುತ್ತದೆ: ಅಂಗಡಿಯವರು 4,200 ಎನ್ನುತ್ತಾರೆ, ಗಿರಾಕಿ 2,500 ಎನ್ನುತ್ತಾಳೆ, ಅವರು 3,800ಕ್ಕೆ ಇಳಿದರೆ ಅವಳು 2,900ಕ್ಕೆ ಏರುತ್ತಾಳೆ. ಇದು ಚುರುಕಾಗಿ ಓಡುತ್ತದೆ, ಹಾಸ್ಯಕ್ಕೂ ಒಗ್ಗುತ್ತದೆ. ಆದರೆ ಇಬ್ಬರೂ ಸರಿಸಮವಾಗಿ ಸರಿಯುವುದರಿಂದ ಓದುಗರು ಕೊನೆಯ ಬೆಲೆಯನ್ನು ಬೇಗನೆ ಊಹಿಸಿಬಿಡುತ್ತಾರೆ.

ಎರಡನೆಯದರಲ್ಲಿ ಪ್ರತಿಯೊಂದು ಮಾತೂ ಆಡಿದವರ ಗುಟ್ಟೊಂದನ್ನು ಬಿಟ್ಟುಕೊಡುತ್ತದೆ. 2,500 ಎಂದವಳು ಸೀರೆಯನ್ನು ಪಕ್ಕಕ್ಕೆ ಸರಿಸಿದರೂ ಸೆರಗಿನ ಮೇಲಿನ ಕೈ ತೆಗೆಯುವುದಿಲ್ಲ; ಅದನ್ನು ಗಮನಿಸಿದ ಅಂಗಡಿಯವರು ನೂರು ರೂಪಾಯಿಯಷ್ಟೇ ಇಳಿಯುತ್ತಾರೆ. "ಬೋಣಿ ಟೈಮಮ್ಮಾ, ಬರಿಗೈಲಿ ಹೋಗ್ಬೇಡಿ" ಎಂದು ಅವರು ಬಾಯಿಬಿಟ್ಟೊಡನೆ, ದಿನದ ಮೊದಲ ಗಿರಾಕಿಯನ್ನು ಕಳೆದುಕೊಳ್ಳಲು ಅವರಿಗೆ ಮನಸ್ಸಿಲ್ಲವೆಂಬುದು ಅವಳಿಗೆ ತಿಳಿಯುತ್ತದೆ. ಅವಳು ಬೆಲೆಯನ್ನೇ ಹೇಳದೆ ಎದ್ದು ಚಪ್ಪಲಿ ಹುಡುಕುತ್ತಾಳೆ. ಅಷ್ಟರಲ್ಲಿ ಮಗಳು "ಅಮ್ಮಾ, ಮದುವೆ ನಾಳೇನೇ ಅಲ್ವಾ?" ಎಂದರೆ ಮೇಲುಗೈ ಮತ್ತೆ ಗಲ್ಲಾಪೆಟ್ಟಿಗೆಯ ಕಡೆಗೆ ವಾಲುತ್ತದೆ.

ಈ ವಿಧಾನಕ್ಕೆ ಜಾಗ ಬೇಕು, ಮತ್ತು ನಾಲ್ಕೈದು ತಿರುವುಗಳಾಚೆ ಅದು ಕಸರತ್ತಿನಂತೆ ಕಾಣುತ್ತದೆ. ಮಗಳು ಪಕ್ಕದಲ್ಲಿರುವುದನ್ನೂ ಮೊದಲೇ ತೋರಿಸಿರಬೇಕು. ಕಥೆ ಬೇರೆಲ್ಲಿಗೋ ಹೋಗುವ ದಾರಿಯಲ್ಲಿ ಅರ್ಧ ಪುಟದ ಚೌಕಾಸಿ ಸಾಕಾದರೆ ಮೊದಲನೆಯದನ್ನೇ ಆರಿಸಿಕೊಳ್ಳಿ. ಇಬ್ಬರ ಸಂಬಂಧವೇ ಮುಖ್ಯವಾಗಿದ್ದರೆ ನನ್ನ ಒಲವು ಎರಡನೆಯದರ ಕಡೆಗೆ. ಬರೆದ ಮೇಲೆ ಅಂಕಿಗಳನ್ನೆಲ್ಲ ಅಳಿಸಿ ಓದಿದಾಗಲೂ ಯಾರ ಕೈ ಮೇಲಿದೆಯೆಂದು ತಿಳಿಯುತ್ತಿದ್ದರೆ ದೃಶ್ಯ ನಿಂತಿದೆ ಎಂದರ್ಥ.