ಸ್ಪಿನ್ನೋ ಬ್ಯಾಂಟೋ: ಒಂದು ಡ್ರೈಯರ್ ಕಳೆದುಕೊಂಡ ಮೇಲೆ

ಶಿರಸಿ–ಸಿದ್ದಾಪುರ ಕಡೆ ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಮಾರುತ್ತೇನೆ. ಕಬ್ಬಿಣದ ಚೌಕಟ್ಟು, ಮೇಲೆ ಪಾಲಿಥಿನ್ ಹಾಳೆ, ಮಧ್ಯಮ ಅಳತೆಯದಕ್ಕೆ ಸುಮಾರು 1.4 ಲಕ್ಷ. ಕಳೆದ ವರ್ಷ ಕೈಗೆ ಬಂದ ಒಂದು ಗಿರಾಕಿ ಜಗಲಿಯ ಮೇಲೇ ತಪ್ಪಿಹೋಯಿತು. ಅವರು ಎರಡು ತಿಂಗಳಾದ ಮೇಲೆ ಬೇರೆಯವರಿಂದ ಡ್ರೈಯರ್ ತಗೊಂಡರು. ಸ್ಪಿನ್, ಬ್ಯಾಂಟ್ ಅಂದರೆ ಮಾರಾಟಕ್ಕೆ ಹೋದಾಗ ಗಿರಾಕಿಗೆ ಏನೇನು ಕೇಳಬೇಕು ಅನ್ನುವ ಎರಡು ಪದ್ಧತಿ. ಆ ಗಿರಾಕಿ ತಪ್ಪಿದ್ದರಿಂದ ಈ ಹೋಲಿಕೆಯಲ್ಲಿ ನಾನು ಸ್ಪಿನ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ.

ಆ ಮನೆಯಲ್ಲಿ ನಾನು ಬಳಸಿದ್ದು ಬ್ಯಾಂಟ್. ದುಡ್ಡೆಷ್ಟಿದೆ, ತೀರ್ಮಾನ ಯಾರದ್ದು, ಅಗತ್ಯ ಇದೆಯಾ, ಯಾವಾಗ ಬೇಕು ಅನ್ನುವ ನಾಲ್ಕು ಪ್ರಶ್ನೆ. ಐ.ಬಿ.ಎಂ. ಕಂಪನಿಯವರಿಂದ ಬಂದ ಪದ್ಧತಿ ಅನ್ನುತ್ತಾರೆ. ಆಸರಿಗೆ ಕುಡಿದು ಲೋಟ ಇಡುವಷ್ಟರಲ್ಲಿ ಬಜೆಟ್ ಕೇಳಿದೆ. ಹಿರಿಯರು ನಕ್ಕು, "ತಮಾ, ನೀನು ಸಾಲ ಕೊಡೋಕೆ ಬಂದಿದ್ದಾ, ಡ್ರೈಯರ್ ಮಾರೋಕಾ?" ಅಂದರು.

ಅಷ್ಟಕ್ಕೇ ಬಿಟ್ಟಿದ್ದರೂ ನಡೀತಿತ್ತು. ಆದರೆ ಮುಂದಿನ ಪ್ರಶ್ನೆ ಮಗನಿಗೆ ಹಾಕಿದೆ: "ಇದರ ತೀರ್ಮಾನ ನೀವೇ ಮಾಡ್ತೀರಾ?" ಅಪ್ಪ ಪಕ್ಕದಲ್ಲೇ ಕವಳ ಹಾಕುತ್ತಾ ಕೂತಿದ್ದರು. ಮಗ ಹೌದು ಅಂದರೆ ಅಪ್ಪನಿಗೆ ಅವಮಾನ, ಇಲ್ಲ ಅಂದರೆ ಅವನಿಗೇ. ಅವನು ನೆಲ ನೋಡಿದ. ಆಮೇಲೆ ಯಾರೂ ಡ್ರೈಯರ್ ಮಾತೇ ಎತ್ತಲಿಲ್ಲ, ಮಳೆ ಮಂಗನ ಕಾಟದ ಬಗ್ಗೆ ಮಾತಾಡಿ ಕಳಿಸಿದರು.

ಬಜೆಟ್ ಪ್ರಶ್ನೆಯೂ ಇಲ್ಲಿ ಅರ್ಧ ಸುಳ್ಳೇ. ತೋಟದವರಿಗೆ ತಿಂಗಳ ಸಂಬಳದ ಲೆಕ್ಕ ಇಲ್ಲ. ಅಡಿಕೆ ಸೊಸೈಟಿಗೆ ಹೋಗಿ, ರೇಟು ನೋಡಿ ಕೊಟ್ಟ ಮೇಲೆ ದುಡ್ಡು. ಸಬ್ಸಿಡಿ ಸಿಗುತ್ತದೋ ಇಲ್ಲವೋ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. "ಈಗ ದುಡ್ಡಿಲ್ಲ" ಅಂದವರನ್ನು ಪಟ್ಟಿಯಿಂದ ಹೊಡೆದುಹಾಕಿದರೆ ನನಗೆ ಗಿರಾಕಿಯೇ ಉಳಿಯುವುದಿಲ್ಲ.

ಎರಡನೇ ಮನೆ ಸಿದ್ದಾಪುರದ ಕಡೆ. ಅಲ್ಲಿ ಸ್ಪಿನ್ ಪ್ರಯೋಗ. ಪರಿಸ್ಥಿತಿ, ಸಮಸ್ಯೆ, ಪರಿಣಾಮ, ಕೊನೆಗೆ ಪರಿಹಾರದಿಂದ ಏನು ಲಾಭ, ಈ ಕ್ರಮದಲ್ಲಿ ಕೇಳುವುದು. ನೀಲ್ ರ‍್ಯಾಕ್‌ಹ್ಯಾಮ್ ಅನ್ನುವವರು ಸಾವಿರಾರು ಮಾರಾಟದ ಭೇಟಿಗಳನ್ನು ಗಮನಿಸಿ ಮಾಡಿದ್ದು. ಪರಿಸ್ಥಿತಿಯ ಪ್ರಶ್ನೆ ಜಾಸ್ತಿಯಾದರೆ ಗಿರಾಕಿಗೆ ಬೇಸರ, ದೊಡ್ಡ ವ್ಯಾಪಾರದಲ್ಲಿ ಕೆಲಸ ಮಾಡುವುದು ಪರಿಣಾಮದ ಪ್ರಶ್ನೆ ಅನ್ನುವುದು ಅವರ ಮಾತು. ಮೊದಮೊದಲು ನಾನೂ ಎಕರೆ, ಮರ, ಕ್ವಿಂಟಲ್ ಅಂತ ಒಂಬತ್ತು ಪ್ರಶ್ನೆ ಕೇಳುತ್ತಿದ್ದೆ, ಜನಗಣತಿಯವನ ಹಾಗೆ. ಈಗ ಎರಡೇ: ಕೆಂಪಡಿಕೆ ಎಷ್ಟು ಮಾಡ್ತೀರಿ, ಎಲ್ಲಿ ಒಣಗಿಸ್ತೀರಿ.

"ಹನ್ನೆರಡು ಕ್ವಿಂಟಲ್, ಅಂಗಳದಲ್ಲಿ" ಅಂದರು ಆ ಮನೆಯ ಯಜಮಾನರು. ಹೋದ ಸಲ ಕೊಯ್ಲಿನಲ್ಲಿ ಮಳೆ ಬಂದಾಗ ಏನಾಯಿತು ಅಂತ ಕೇಳಿದೆ. ಮೂರು ಕ್ವಿಂಟಲ್ ಬೂಸ್ಟು ಹಿಡಿಯಿತಂತೆ. ಇಲ್ಲಿ ಬಾಯಿ ಹಾಕಿ "ನಮ್ಮ ಡ್ರೈಯರ್‌ನಲ್ಲಿ ಬೂಸ್ಟೇ ಬರೋದಿಲ್ಲ" ಅನ್ನುವ ಆಸೆ ಆಗುತ್ತದೆ. ಅನ್ನಬಾರದು. "ಅದಕ್ಕೆ ರೇಟು ಎಷ್ಟು ಕಮ್ಮಿ ಸಿಕ್ಕಿತು?" ಅಂದೆ. ಕ್ವಿಂಟಲಿಗೆ ಎಂಟು ಸಾವಿರ. ಅವರೇ ಗುಣಿಸಿ 24,000 ಅಂದರು. ಸುಮ್ನೆ ಕೂತೆ.

ಅವರು ಜಾಣರು. "ಪ್ರತಿ ವರ್ಷ ಹಾಗೆ ಮಳೆ ಬರೋದಿಲ್ಲ ಮಾರಾಯ" ಅಂದರು. ನಿಜವೇ. ಆ ಲೆಕ್ಕ ಒಂದರಿಂದಲೇ 1.4 ಲಕ್ಷ ಹುಟ್ಟುವುದಿಲ್ಲ. "ಮಳೆ ಬರದಿದ್ದರೂ ಮೋಡ ಆಗ್ತದಲ್ಲ, ಆಗ ರಾತ್ರಿ ಯಾರು ಎದ್ದು ನೋಡ್ತಾರೆ?" ಅಂತ ಕೇಳಿದೆ. ಉತ್ತರ ಅಡುಗೆಮನೆಯಿಂದ ಬಂತು: "ನಾನು! ಎರಡು ಗಂಟೆಗೆ ಎದ್ದು ತಾಡಪಾಲು ಎಳೆಯೋದು ನಾನೇ." ಅಕ್ಕ ಹೊರಗೇ ಬಂದು ನಿಂತರು. ತೀರ್ಮಾನ ಯಾರದ್ದು ಅಂತ ನಾನು ಕೇಳಲೇ ಇಲ್ಲ, ತಾನಾಗೇ ಗೊತ್ತಾಯಿತು. ಹಾಳೆ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದನ್ನೂ ಅವತ್ತೇ ಹೇಳಿದೆ. ಮುಂಗಡ ಮರುವಾರ ಬಂತು.

ಪರಿಣಾಮವನ್ನು ಎಳೆದೆಳೆದು ಕೇಳಿದರೆ ಹೆದರಿಸಿದ ಹಾಗಾಗುತ್ತದೆ. ಎರಡು ಸಾಕು. ಸಾವಿರ ರೂಪಾಯಿಯ ತಾಡಪಾಲು ಮಾರಲು ಇದ್ಯಾವುದೂ ಬೇಡ.

ಹಾಗಂತ ಬ್ಯಾಂಟ್ ಬಿಟ್ಟಿಲ್ಲ. ಕಾರವಾರದ ಸರ್ಕಾರಿ ಕಚೇರಿಗೆ ಏನಾದರೂ ಮಾರುವುದಿದ್ದರೆ ಅದೇ ಮೊದಲು. ಅಲ್ಲಿ ದುಡ್ಡು ಯಾವ ಬಾಬಿನದು, ಸಹಿ ಯಾರದ್ದು, ಮಾರ್ಚ್ ಒಳಗೆ ಬಿಲ್ ಆಗಬೇಕಾ ಅನ್ನುವುದೆಲ್ಲ ಕಾಗದದಲ್ಲೇ ಇರುತ್ತದೆ, ಕೇಳಿದರೆ ಯಾರಿಗೂ ಬೇಜಾರಿಲ್ಲ. ಕೃಷಿಮೇಳದಲ್ಲಿ ನಂಬರ್ ಕೊಟ್ಟು ಹೋದವರಿಗೂ ಅದೇ, ಅವರಿಗೆ ಬೇಕು ಅನ್ನಿಸಿ ಆಗಿದೆ.

ತೋಟದವರ ಫೋನ್ ಬಂದರೆ ಬ್ಯಾಂಟಿನ ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕೊಯ್ಲಿಗೆ ಬೇಕಾ, ಮುಂದಿನದಕ್ಕಾ? ಈ ಕೊಯ್ಲಿಗೆ ಅಂದರೆ ದೀಪಾವಳಿಗೆ ಮೊದಲೇ ಚೌಕಟ್ಟು ನಿಲ್ಲಬೇಕು, ಅದೇ ವಾರ ಹೋಗುತ್ತೇನೆ. ಮುಂದಿನದಕ್ಕೆ ಅಂದವರನ್ನು ಆ ದಾರಿಯಲ್ಲಿ ಇನ್ನೊಂದು ಕೆಲಸ ಬೀಳುವ ತನಕ ಕಾಯಿಸುತ್ತೇನೆ. ಒಂದು ಸುತ್ತಿಗೆ ಬೈಕು ಕುಡಿಯುವ ಪೆಟ್ರೋಲ್ ನನ್ನ ಕಿಸೆಯದ್ದೇ ಅಲ್ವಾ.