ಹಿಮ್ಮಡಿ ನೋವಿಗೆ ಮೆತ್ತನೆ ಚಪ್ಪಲಿ, ಸಿಲಿಕಾನ್ ಕಪ್, ಗಟ್ಟಿ ಸ್ಯಾಂಡಲ್: ಮೂರನ್ನೂ ಹಾಕಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆಗಿಬಂದದ್ದು ಹಿಂದೆ ಪಟ್ಟಿ ಇರುವ ಗಟ್ಟಿ ಅಟ್ಟೆಯ ಸ್ಯಾಂಡಲ್. ಮೆತ್ತನೆ ಚಪ್ಪಲಿಗೆ ಕೊಟ್ಟ 450 ರೂಪಾಯಿ ನೀರಿಗೆ ಹೋಯಿತು.

ನಾನು ಹೈಸ್ಕೂಲ್ ಟೀಚರ್. ಶಾಲೆಯಲ್ಲಿ ದಿನಕ್ಕೆ ಐದು ಪೀರಿಯಡ್ ನಿಂತೇ ಇರುತ್ತೇನೆ, ಮನೆಯಲ್ಲಿ ಟೈಲ್ಸ್ ಮೇಲೆ ಬರಿಗಾಲು. ಜೂನ್‌ನಲ್ಲಿ ಶುರುವಾಯಿತು. ಮಂಚದಿಂದ ಬಚ್ಚಲಿಗೆ 14 ಹೆಜ್ಜೆ, ಹದಿನಾಲ್ಕೂ ಕುಂಟಿಕೊಂಡೇ. ಹಲ್ಲುಜ್ಜಿ ಬರುವಷ್ಟರಲ್ಲಿ ಸಡಿಲವಾಗುತ್ತಿತ್ತು. ಅರ್ಧ ಗಂಟೆ ಕೂತು ಪೇಪರ್ ತಿದ್ದಿ ಎದ್ದರೆ ಮತ್ತೆ ಅದೇ ಚುಚ್ಚು.

ಡಾಕ್ಟರ್ ಹಿಮ್ಮಡಿಯ ಒಳಪಕ್ಕ, ಸ್ವಲ್ಪ ಮುಂದಕ್ಕೆ ಹೆಬ್ಬೆರಳಿಂದ ಒತ್ತಿದರು. ಚೀರಿದೆ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ, ಅದೇ ಪ್ಲಾಂಟರ್ ಫೇಶಿಯ. ಮಲಗಿದಾಗ ಪಾದ ಕೆಳಕ್ಕೆ ಜೋತು ಆ ಪಟ್ಟಿಯೂ ಮೀನಖಂಡವೂ ಬಿಗಿದುಕೊಳ್ಳುತ್ತವೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಎಳೆಯುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮುಳ್ಳು ಕಂಡರೂ ಹೆದರಬೇಡಿ, ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದೆ ಎಂದರು. ಮಂಚದಿಂದ ಇಳಿಯುವ ಮುಂಚೆ ಒಂದು ವ್ಯಾಯಾಮ: ನೋವಿನ ಕಾಲನ್ನು ಇನ್ನೊಂದು ಮಂಡಿಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹತ್ತು ಎಣಿಸುವುದು, ಹೀಗೆ ಹತ್ತು ಸಲ. ಇದನ್ನು ಮೂರೂ ಪ್ರಯೋಗಗಳ ಉದ್ದಕ್ಕೂ ಬಿಡದೆ ಮಾಡಿದೆ.

ಮೆತ್ತನೆ ಚಪ್ಪಲಿ ಅಂಗಡಿಯಲ್ಲಿ ಸ್ವರ್ಗ. "ಮೇಡಂ, ಹತ್ತಿ ಮೇಲೆ ನಡೆದಂಗೆ" ಅಂದ ಹುಡುಗನ ಮಾತು ಸುಳ್ಳಲ್ಲ. ಮೂರನೇ ವಾರಕ್ಕೆ ಹಿಮ್ಮಡಿ ಕೂರುವ ಜಾಗ ತಟ್ಟೆಯಂತೆ ತಗ್ಗಾಗಿತ್ತು. ಒತ್ತಿದರೆ ಹೆಬ್ಬೆರಳು ಸೀದಾ ತಳ ಮುಟ್ಟುತ್ತಿತ್ತು. ಅಂಗಾಲಿನ ಕಮಾನಿಗೆ ಆಧಾರವಿಲ್ಲದೆ ಪಾದ ಒಳಕ್ಕೆ ವಾಲುತ್ತಿತ್ತು, ಅಂದರೆ ನೊಂದ ಪಟ್ಟಿಗೇ ಇನ್ನಷ್ಟು ಎಳೆತ. ಮೇಲಾಗಿ ಉಂಗುಷ್ಠದ ಚಪ್ಪಲಿ, ಜಾರದಂತೆ ಬೆರಳುಗಳು ಇಡೀ ದಿನ ಕಚ್ಚಿ ಹಿಡಿದಿರಬೇಕು. ಕುಂಟುವ ಹೆಜ್ಜೆ ಒಂದೂ ಕಡಿಮೆಯಾಗಲಿಲ್ಲ.

ಹಿಮ್ಮಡಿ ಕೆಳಗಿಡುವ ಸಿಲಿಕಾನ್ ಕಪ್, 350 ರೂಪಾಯಿ. ಕೆಟ್ಟದ್ದಲ್ಲ. ಶೂ ಒಳಗಿಟ್ಟರೆ ಹಿಮ್ಮಡಿ ಎತ್ತರವಾಗಿ ಹಿಂಭಾಗದಲ್ಲಿ ಕಾಲು ಜಾರುತ್ತದೆ, ಲೇಸ್ ಬಿಗಿ ಮಾಡಬೇಕು. ಎರಡೂ ಕಾಲಿಗೆ ಹಾಕಬೇಕು, ಇಲ್ಲದಿದ್ದರೆ ನಡಿಗೆ ಸೊಟ್ಟ. ಸೀರೆ ಕೆಳಗೆ ಸ್ಪೋರ್ಟ್ಸ್ ಶೂ ನೋಡಿ ಮಕ್ಕಳು ಎರಡು ದಿನ ನಕ್ಕರು, ಆಮೇಲೆ ಮರೆತರು. ಶಾಲೆಯಲ್ಲಿ ಆರಾಮ. ಆದರೆ ಚಪ್ಪಲಿಯಲ್ಲಿ ಅದು ನಿಲ್ಲುವುದಿಲ್ಲ, ಮನೆಯಲ್ಲಿ ಮತ್ತೆ ಬರಿಗಾಲೇ.

ಸ್ಯಾಂಡಲ್ 1350. ಅಂಗಡಿಯಲ್ಲೇ ಎರಡೂ ತುದಿ ಹಿಡಿದು ಬಟ್ಟೆ ಹಿಂಡಿದಂತೆ ತಿರುಚಿದೆ, ಅಟ್ಟೆ ಹೆಚ್ಚು ತಿರುಚಿಕೊಳ್ಳಲಿಲ್ಲ. ಮಡಚಿದರೆ ಬೆರಳ ಬುಡದಲ್ಲಿ ಮಾತ್ರ ಬಾಗಿತು, ನಡುವೆ ಅಲ್ಲ. ಮೊದಲ ನಾಲ್ಕು ದಿನ ಕಮಾನಿನ ಕೆಳಗಿನ ಉಬ್ಬು ಕಲ್ಲಿನಂತೆ ಒತ್ತಿತು. ದಿನಕ್ಕೆ ಒಂದು ಗಂಟೆಯಿಂದ ಶುರುಮಾಡಿ ರೂಢಿ ಮಾಡಿಕೊಂಡೆ.

ನಿಜವಾದ ತಕರಾರು ಬೇರೆಯೇ. ಆ ಮೊದಲ ಹೆಜ್ಜೆ ಬೀಳುವುದು ಮಂಚದ ಪಕ್ಕ, ಬೀದಿಯಲ್ಲಲ್ಲ. ಹಾಗಾಗಿ ಸ್ಯಾಂಡಲ್ ಅಲ್ಲೇ ಇರಬೇಕು. "ಮಲಗೋ ಕೋಣೇಲಿ ಚಪ್ಪಲೀನಾ?" ಅಂದರು ಅತ್ತೆ. ಬಚ್ಚಲ ಚಪ್ಪಲಿಯನ್ನೇ ಹಿತ್ತಿಲ ಬಾಗಿಲಿನಿಂದಾಚೆ ಇಡಿಸುವವರು ಅವರು. ಇದು ಬೀದಿ ಮೆಟ್ಟಿದ್ದಲ್ಲ, ಅಂಗಡಿಯಿಂದ ನೇರ ಇಲ್ಲಿಗೇ ಬಂದದ್ದು ಎಂದು ಅಟ್ಟೆ ತಿರುಗಿಸಿ ತೋರಿಸಿದೆ. ಒಪ್ಪಲಿಲ್ಲ. ವಾರವೆಲ್ಲ ನಾನು ಒಳಗೆ ತರುವುದು, ಅವರು ಹೊರಗಿಡುವುದು.

ಒಂದು ಬೆಳಿಗ್ಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದಾಗ ಎದುರಾದರು. "ಅಡುಗೆಮನೆವರೆಗೂ ಹಾಕ್ಕೊಳಮ್ಮ, ದೇವರ ಮನೆಗೆ ಮಾತ್ರ ಬೇಡ." ಒಲೆ ಮುಂದೆ ಬೆಳಿಗ್ಗೆ ಒಂದೂವರೆ ಗಂಟೆ ನಿಲ್ಲುವವಳಿಗೆ ಇಷ್ಟು ಸಾಕಿತ್ತು. ಹೆಜ್ಜೆಗಳ ಲೆಕ್ಕ ಇಳಿಯತೊಡಗಿದ್ದು ಆಮೇಲೆಯೇ.

ಈ ನೋವು ತಿಂಗಳುಗಟ್ಟಲೆ ಕಾಲದಲ್ಲಿ ತಾನಾಗಿಯೂ ಇಳಿಯುತ್ತದೆ, ಆದ್ದರಿಂದ ಪೂರ್ತಿ ಯಶಸ್ಸು ಸ್ಯಾಂಡಲ್ಲಿಗೇ ಸೇರಿದ್ದು ಎನ್ನಲಾರೆ. ಸಕ್ಕರೆ ಕಾಯಿಲೆಯವರು, ಪಾದ ಜೋಮು ಹಿಡಿಯುವವರು, ಮಲಗಿದ್ದಾಗಲೂ ನೋಯುವವರು ಚಪ್ಪಲಿ ಅಂಗಡಿಗೆ ಮುಂಚೆ ಡಾಕ್ಟರ್ ಬಳಿ ಹೋಗಿ.

ಶಾಲೆಗೂ ಒಂದು ಜೊತೆ ಸ್ಯಾಂಡಲ್ ಕೊಳ್ಳೋಣ ಅನಿಸಿತ್ತು, 1350 ಮತ್ತೆ ಸುರಿಯಲು ಮನಸ್ಸಾಗಲಿಲ್ಲ. ಶಾಲೆಗೆ ಕಪ್ ಹಾಕಿದ ಹಳೇ ಶೂ, ಮನೆಗೆ ಸ್ಯಾಂಡಲ್. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಮನೆಯದ್ದನ್ನೇ ಕೊಳ್ಳುತ್ತೇನೆ. ನಾಲ್ಕು ತಿಂಗಳಾಯಿತು, ಹದಿನಾಲ್ಕರಲ್ಲಿ ಈಗ ಎರಡು ಹೆಜ್ಜೆ ಕುಂಟು. ಮೆತ್ತನೆ ಚಪ್ಪಲಿ ಬಚ್ಚಲಿಗೆ ಹೋಗಿದೆ, ಅತ್ತೆ ಅದನ್ನೂ ಹಿತ್ತಿಲಲ್ಲೇ ಇಡಿಸುತ್ತಾರೆ.