‘ನಿಮ್ಮ ಖಾತೆಗೆ ಹಣ ಹಾಕ್ತೀವಿ, ಮುಂದೆ ಕಳಿಸಿ’ ಅಂದವರಿಗೆ ಹೂಂ ಅನ್ನಬೇಡಿ

ಪುಣೆಯ ಭೋಸರಿ, ಚಾಕಣ ಕಡೆ ರೂಮು ಮಾಡಿಕೊಂಡು ಕೆಲಸ ಮಾಡುವ ನಮ್ಮ ಹುಡುಗರಿಗೆ ಇದು ತಲುಪಲಿ ಅಂತ ಬರೆಯುತ್ತಿದ್ದೇನೆ.

ನನ್ನ ಚಿಕ್ಕಮ್ಮನ ಮಗ ವಿಜಯಪುರದವನು, ಚಾಕಣದ ಒಂದು ಕಂಪನಿಯಲ್ಲಿ ಕೆಲಸ. ಟೆಲಿಗ್ರಾಂನಲ್ಲಿ ಅವನಿಗೆ ಒಂದು ಮೆಸೇಜ್ ಬಂತು. ನಮ್ಮ ಕಂಪನಿಯ ಖಾತೆಯ ಲಿಮಿಟ್ ಮುಗಿದಿದೆ, ಗಿರಾಕಿಗಳ ಹಣ ನಿನ್ನ ಖಾತೆಗೆ ಬರುತ್ತದೆ, ನಾವು ಹೇಳಿದ ಕಡೆ ಕಳಿಸು, ನೂರಕ್ಕೆ ಎರಡು ರೂಪಾಯಿ ನಿನಗೆ ಅಂತ. ಮೊದಲು ಬಂದದ್ದು ಬರೀ 5,000. ಅದರಲ್ಲಿ 4,900 ಕಳಿಸಿ ನೂರು ಇಟ್ಟುಕೊಂಡ. ಏನೂ ಆಗಲಿಲ್ಲ, ಧೈರ್ಯ ಬಂತು. ಆಮೇಲೆ ಒಂದೇ ಮಧ್ಯಾಹ್ನ 48,000, 50,000, 90,000 ಬಂತು. ಕಳಿಸಿದವರು ಮೂವರೂ ಬೇರೆ ಬೇರೆ ಹೆಸರಿನವರು. ಮುಂದೆ ಕಳಿಸಬೇಕಾದ ಖಾತೆಯಲ್ಲೂ ಕಂಪನಿಯ ಹೆಸರಿಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಒಂದಷ್ಟು ಯುಪಿಐನಲ್ಲಿ, ಉಳಿದದ್ದು ಐಎಂಪಿಎಸ್‌ನಲ್ಲಿ ಹೋಯಿತು. ಅವನ ಪಾಲಿಗೆ ಉಳಿದದ್ದು 3,760.

‘ಮ್ಯಾನೇಜರ್’ ಅನ್ನಿಸಿಕೊಂಡವನು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದನಂತೆ: ಹಣ ಬಂದ ಹತ್ತು ನಿಮಿಷದೊಳಗೆ ಹೋಗಬೇಕು. ಎಲ್ಲದಕ್ಕಿಂತ ಜಾಸ್ತಿ ಅನುಮಾನ ಬರಬೇಕಾದದ್ದು ಈ ಅವಸರಕ್ಕೇ. ಹೀಗೆ ಬರುವ ಹಣ ಯಾರನ್ನೋ ಮೋಸಮಾಡಿ ಕಿತ್ತದ್ದು. ಮೋಸಹೋದವರಿಗೆ ಗೊತ್ತಾದ ಕೂಡಲೇ ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲವೇ cybercrime.gov.in ನಲ್ಲಿ ದೂರು ಹಾಕುತ್ತಾರೆ. ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಸುದ್ದಿ ಹೋಗುತ್ತದೆ, ಅಲ್ಲಿ ಉಳಿದ ಹಣಕ್ಕೆ ತಡೆ ಬೀಳುತ್ತದೆ. ಅಷ್ಟರೊಳಗೆ ಹಣ ಎರಡನೆಯ, ಮೂರನೆಯ ಖಾತೆಗೆ ಹರಿದು, ಚೂರುಚೂರಾಗಿ ಎಟಿಎಂನಿಂದ ಹೊರಗೆ ಬಂದಿರಬೇಕು ಅಥವಾ ಕ್ರಿಪ್ಟೊ ಆಗಿರಬೇಕು. ಕಳ್ಳರ ಲೆಕ್ಕ ಇಷ್ಟೇ. ದೂರು ಕೊಟ್ಟವರ ಪಾಸ್‌ಬುಕ್ಕಿನಲ್ಲಿ ಕಾಣುವ ಹೆಸರು ಮಾತ್ರ ಮೊದಲ ಖಾತೆಯವನದು. ಆ ಹೆಸರು ಕೊಡುವುದಕ್ಕೇ ಎರಡು ಪರ್ಸೆಂಟ್ ಕೂಲಿ.

ಸಂಬಳದ ದಿನ ನನಗೆ ಫೋನ್ ಬಂತು. “ಅಣ್ಣಾ, ಎಟಿಎಂನ್ಯಾಗ ರೊಕ್ಕ ಬರವಲ್ದು.” ಬ್ಯಾಂಕಿಗೆ ಹೋದೆವು. 90,000 ಕಳೆದುಕೊಂಡವರು ಬೇರೆ ರಾಜ್ಯದವರು, ಷೇರು ವ್ಯಾಪಾರದ ನಕಲಿ ಆ್ಯಪ್‌ಗೆ ಹಣ ಹಾಕಿದ್ದರು. ಅವರ ದೂರಿನ ಮೇಲೆ ಖಾತೆ ಫ್ರೀಜ್ ಆಗಿತ್ತು. ಹೊಸದಾಗಿ ಬಂದ ಸಂಬಳವೂ ಅದರೊಳಗೇ ಸಿಕ್ಕಿಕೊಂಡಿತ್ತು. ಕಮಿಷನ್ ಮಾತ್ರ ಹಿಡಿಯುತ್ತಾರೆ ಅಂದುಕೊಂಡಿದ್ದ ಪಾಪ. ಕೌಂಟರಿನಲ್ಲಿ ಎಷ್ಟು ಬೇಡಿಕೊಂಡರೂ ಶಾಖೆಯವರ ಕೈಯಲ್ಲಿ ಏನೂ ಇಲ್ಲ. ದೂರು ಇರುವ ಠಾಣೆಯಿಂದ ಪತ್ರ ಬರಬೇಕು, ಇಲ್ಲವೇ ಕೋರ್ಟಿನ ಆದೇಶ ಬೇಕು.

ಬ್ಯಾಂಕಿನಿಂದ ದೂರಿನ ನಂಬರು ಮತ್ತು ಠಾಣೆಯ ಹೆಸರು ಕೇಳಿ ಬರೆಸಿಕೊಂಡೆವು. ಖಾತೆಯ ಸ್ಟೇಟ್‌ಮೆಂಟ್ ತೆಗೆಸಿ, ಬಂದ ಹಣ, ಹೋದ ಹಣ ಎರಡರ ಯುಟಿಆರ್ ನಂಬರುಗಳಿಗೂ, ಅಂದರೆ ಪ್ರತಿ ವರ್ಗಾವಣೆಗೂ ಬೇರೆಯಾಗಿ ಬರುವ ನಂಬರಿಗೆ, ಗುರುತು ಹಾಕಿದೆವು. ಹೆದರಿ ಟೆಲಿಗ್ರಾಂ ಚಾಟ್ ಅಳಿಸಲು ಹೊರಟಿದ್ದ, ತಡೆದೆ. ಅಳಿಸಿದ್ದರೆ ‘ಯಾರೋ ಹೇಳಿದರು’ ಅನ್ನುವುದಕ್ಕೆ ಸಾಕ್ಷಿ ಎಲ್ಲಿಂದ ತರುತ್ತಿದ್ದ? ಪೊಲೀಸ್ ನೋಟಿಸ್ ಬಂದಾಗ ವಕೀಲರ ಜೊತೆ ಕೂತು ಉತ್ತರ ಬರೆದೆವು, ಕಮಿಷನ್ ತೆಗೆದುಕೊಂಡದ್ದನ್ನೂ ಮುಚ್ಚಿಡಲಿಲ್ಲ. ‘ನನಗೆ ಗೊತ್ತಿರಲಿಲ್ಲ’ ಅನ್ನುವ ಮಾತನ್ನು ಅವರು ಸುಲಭವಾಗಿ ನಂಬುವುದಿಲ್ಲ. ಗೊತ್ತಿಲ್ಲದವರ ಹಣಕ್ಕೆ ಕಮಿಷನ್ ಯಾಕೆ ತಗೊಂಡೆ ಅಂತ ಕೇಳುತ್ತಾರೆ, ಕೇಳಬೇಕಾದದ್ದೇ ಅಲ್ವಾ? ತನಿಖೆಯಲ್ಲಿ ಗೊತ್ತಿದ್ದೇ ಮಾಡಿದ ಅಂತ ಕಂಡರೆ ವಂಚನೆಯ ಕೇಸು ಅವನ ಮೇಲೂ ಬೀಳಬಹುದು. ಸಂಬಳಕ್ಕೆ ಸದ್ಯ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆದಿದ್ದಾನೆ. ಹಳೆಯದು ಇನ್ನೂ ತೆರೆದಿಲ್ಲ.

ಖಾತೆ ಫ್ರೀಜ್ ಆದ ಮೇಲೂ ಆ ಮ್ಯಾನೇಜರ್ ಸುಮ್ಮನಾಗಲಿಲ್ಲ. ಫ್ರೀಜ್ ತೆಗೆಸಿಕೊಡ್ತೀನಿ, 5,000 ಫೀಸು ಕೊಡು ಅಂದ. ಅದಾಗದಿದ್ದರೆ ಹೊಸ ಖಾತೆ ತೆರೆದು ಕಾರ್ಡು, ಸಿಮ್ ಎರಡನ್ನೂ ಕೊರಿಯರ್ ಮಾಡು, ತಿಂಗಳ ಬಾಡಿಗೆ ಕೊಡ್ತೀನಿ ಅಂದ. ಇದಕ್ಕೆ ಒಪ್ಪಿದರೆ ಖಾತೆಯಲ್ಲಿ ಏನು ಓಡಾಡುತ್ತಿದೆ ಅನ್ನುವುದು ನಿಮಗೆ ಕಾಣುವುದೇ ಇಲ್ಲ, ಒಟಿಪಿ ಕೂಡ ಅವನಿಗೇ ಹೋಗುತ್ತದೆ. ಅವನು ಕೇಳಿದ ಎರಡೂ ಮೆಸೇಜುಗಳ ಸ್ಕ್ರೀನ್‌ಶಾಟ್ ಈಗ ಪೊಲೀಸರ ಹತ್ತಿರ ಇವೆ.

ಇನ್ನೊಂದು ವಿಷಯ. ನೀವು ಯಾರಿಗೂ ಹೂಂ ಅನ್ನದೇ ಇದ್ದರೂ ಖಾತೆಗೆ ಗೊತ್ತಿಲ್ಲದ ಹಣ ಬರಬಹುದು. ‘ತಪ್ಪಿ ಹಾಕಿದೆ, ಈ ನಂಬರಿಗೆ ವಾಪಸ್ ಕಳಿಸಿ’ ಅಂತ ಫೋನ್ ಬರುತ್ತದೆ. ಆ ನಂಬರಿಗೆ ಕಳಿಸಬೇಡಿ. ಹಣ ಖರ್ಚು ಮಾಡದೆ ಹಾಗೇ ಬಿಟ್ಟು ನಿಮ್ಮ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಬ್ಯಾಂಕೇ ಹಿಂತಿರುಗಿಸಲಿ. ನಿಮ್ಮ ಅರ್ಜಿಯ ಪ್ರತಿಯ ಮೇಲೆ ಬ್ಯಾಂಕಿನ ಸೀಲು ಹಾಕಿಸಿಕೊಳ್ಳಿ.